ಬೆಳಕಿಗೆ ಉತ್ತರ ಸಿಕ್ಕಿತು, ಗಾಳಿಗೆ?

ರಾಕೆಟ್ ನೆಲೆಯಿಂದ ನಾವೆಲ್ಲ ಹೆಸರು ಕೇಳಿರುವ ತುಂಬದಲ್ಲಿ, ಕಡಲಿಗೆ ಹತ್ತಿರದ ಒಂದು ಒಂದಂತಸ್ತಿನ ಮನೆಯನ್ನು ಊಹಿಸಿಕೊಳ್ಳಿ. ಅದರ ಪಡುವಣಕ್ಕೆ 10 ಮೀಟರ್ ಎತ್ತರದ ಕಟ್ಟಡ ಬರಲಿದೆ. ನಡುವೆ ಉಳಿಯುವುದು ಎರಡು ಮೀಟರಿನಷ್ಟು ಸಂದು. ಮನೆಯವರು ಪತ್ರ ಬರೆಯುತ್ತಾರೆ: 'ನಮ್ಮ ಗಾಳಿ ಬೆಳಕು ಹೋಗುತ್ತದೆ, ಕಟ್ಟಬೇಡಿ.' ವಿನ್ಯಾಸಕಾರರ ಉತ್ತರ: 'ನಿಯಮದಷ್ಟು ಜಾಗ ಬಿಟ್ಟಿದ್ದೇವೆ. ನಿಮಗೆ ತಪ್ಪುವುದು ಸಂಜೆಯ ಬಿಸಿಲು ಮಾತ್ರ.'

ಈ ಉತ್ತರ ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ.

ಬೆಳಕಿನ ಹಕ್ಕಿನ ಕಾನೂನು ನಮಗೆ ಬಂದದ್ದು ಇಂಗ್ಲೆಂಡಿನಿಂದ. ಡಿಸೆಂಬರ್ ನಡುಹಗಲಲ್ಲಿ ಲಂಡನ್ನಿನ 10 ಮೀಟರ್ ಗೋಡೆಯ ನೆರಳು 35 ಮೀಟರಿಗೂ ಉದ್ದ; ತುಂಬದಲ್ಲಿ ಅದು ಆರು ಮೀಟರ್ ಚಿಲ್ಲರೆ. ಇಲ್ಲಿ ಪಡುವಣದ ಬಿಸಿಲು ತಪ್ಪಿದರೆ ಮನೆಗೆ ತಂಪೇ. ಕೋಣೆ ಮಬ್ಬಾಗುವುದು ನಿಜ, ಎದುರು ಗೋಡೆಗೆ ಸುಣ್ಣ ಬಳಿದರೆ ಒಂದಿಷ್ಟು ಬೆಳಕು ಮರಳುತ್ತದೆ. ಗಾಳಿ ಹಾಗೆ ಮರಳದು. ಮಧ್ಯಾಹ್ನದ ಕಡಲಗಾಳಿ ಪಡುವಣ ಕಿಟಕಿಯಿಂದ ಒಳಬಂದು ಮೂಡಣದಿಂದ ಹೊರಹೋಗುತ್ತಿತ್ತು. ಈಗ ಅದು ಕಟ್ಟಡಕ್ಕೆ ಬಡಿದು ಮೇಲಕ್ಕೂ ಪಕ್ಕಕ್ಕೂ ಹೊರಳುತ್ತದೆ. ಹಿಂದಿನ ಸಂದಿನಲ್ಲಿ ಗಾಳಿ ನಿಂತೇ ಹೋಗುತ್ತದೆ. ಸೆಕೆಯ ಊರಿನಲ್ಲಿ ಬೆವರು ಆರುವುದು ಗಾಳಿ ಆಡಿದರೆ ಮಾತ್ರ.

ಕಾನೂನಿಗೂ ಈ ವ್ಯತ್ಯಾಸ ಗೊತ್ತು. 1882ರ ಈಸ್‌ಮೆಂಟ್ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಕಿಟಕಿಗೆ 20 ವರ್ಷ ತಡೆಯಿಲ್ಲದೆ ಬಂದ ಗಾಳಿ ಬೆಳಕು ಹಕ್ಕಾಗಬಲ್ಲದು. 33ನೆಯ ಕಲಮು, ಗಾಳಿ ತಡೆದು ದೇಹಸೌಖ್ಯಕ್ಕೆ ಗಣನೀಯ ಅಡ್ಡಿಯಾದರೆ ಸಾಕು, ಆರೋಗ್ಯ ಕೆಡಬೇಕಿಲ್ಲ ಎನ್ನುತ್ತದೆ. ನಗರಸಭೆ ಕೊಟ್ಟ ಪರವಾನಗಿ ಈ ಹಕ್ಕನ್ನು ಅಳಿಸದು. ಹಾಗಿದ್ದೂ 'ನಿಯಮದಂತೆ ಜಾಗ ಬಿಟ್ಟಿದ್ದೇವೆ' ಎಂಬ ಒಂದೇ ಸಾಲಿನ ಹಿಂದೆ ವಿನ್ಯಾಸಕಾರರು ಅಡಗುತ್ತಾರೆ.

ಮನೆಯವರ ಪತ್ರದಲ್ಲೂ ದೋಷವಿದೆ. ಬಯಲು ಅಂಗಳಕ್ಕೆ ಬರುವ ಗಾಳಿ ಬೆಳಕಿನ ಮೇಲೆ ಇಂಥ ಹಕ್ಕು ಹುಟ್ಟದು. 17ನೆಯ ಕಲಮು ಅದನ್ನು ಹೊರಗಿಟ್ಟಿದೆ. 'ಕಟ್ಟಬೇಡಿ' ಎಂದರೆ ಯಾರೂ ಕೇಳರು. ಯಾವ ಕೋಣೆಯ ಯಾವ ಕಿಟಕಿ, ಎಷ್ಟು ವರ್ಷದಿಂದ ಇದೆ, ಯಾವ ಹೊತ್ತಿನಲ್ಲಿ ಗಾಳಿ ಬರುತ್ತದೆ, ಅದು ಹೊರಹೋಗಲು ಎದುರು ಕಿಟಕಿ ಇದೆಯೇ ಎಂದು ಬರೆಯಬೇಕು. ಆಗ ವಿನ್ಯಾಸಕಾರರು ನುಣುಚಿಕೊಳ್ಳಲಾರರು.

ಆಗ ಬರಬೇಕಾದ ಉತ್ತರ ಮಾತಲ್ಲ, ತಿದ್ದಿದ ನಕ್ಷೆ. ಆ ಕಿಟಕಿಯ ನೇರಕ್ಕೆ ನೆಲಮಹಡಿಯನ್ನು ಕಂಬಗಳ ಮೇಲೆ ಎತ್ತಿ, ಗಾಳಿ ಆರಪಾರ ಹಾಯುವಂತೆ ತೆರೆದಿಡಬಹುದು. ನಡುವಿನ ಗಟ್ಟಿ ಕಾಂಪೌಂಡ್ ಗೋಡೆಯ ಬದಲು ಇಟ್ಟಿಗೆಯ ಜಾಲಿ ಕಟ್ಟಬಹುದು. ತಿರುವನಂತಪುರದಲ್ಲೇ ನೆಲೆಸಿದ್ದ ಲಾರಿ ಬೇಕರ್ ದಶಕಗಳ ಕಾಲ ಕಟ್ಟಿ ತೋರಿಸಿದ್ದು ಅದನ್ನೇ. ಇದರಿಂದ ಹಳೆಯ ಗಾಳಿಯಷ್ಟೂ ಮರಳುವುದಿಲ್ಲ, ಮಾಲೀಕರಿಗೆ ನೆಲಮಹಡಿಯ ಒಂದು ಕೋಣೆಯೂ ಹೋದೀತು. ಆ ನಷ್ಟವನ್ನು ಯಾರೆಷ್ಟು ಹೊರಬೇಕು ಎಂಬುದೇ ನಿಜವಾದ ಜಗಳ. ಬಿಸಿಲಿನ ಲೆಕ್ಕ ಕೊಟ್ಟು ಅದನ್ನು ಮುಚ್ಚಿಡುವುದು ಮೋಸ.