ಜೋಳದ ಸುಳಿಯ ಹುಳ, ಮಸುಕು ಫೋಟೋ ಮತ್ತು 'ಗ್ಯಾರಂಟಿ'

ಹಕ್ಕಿ ಫೋಟೋ ಕಳಿಸಿ "ಇದ್ಯಾವ್ದು?" ಅಂತ ಕೇಳುವವರಿಗೆ ತಪ್ಪು ಹೆಸರು ಹೇಳಿದರೆ ಹೋಗುವುದು ಹೇಳಿದವನ ಮರ್ಯಾದೆ ಮಾತ್ರ. ಹುಳದ ಫೋಟೋ ಹಾಗಲ್ಲ. ಅದನ್ನು ಕಳಿಸಿದವರು ಸಾಮಾನ್ಯವಾಗಿ ಔಷಧಿ ಡಬ್ಬದ ಮುಚ್ಚಳ ಬಿಚ್ಚೋಕೆ ಕಾಯ್ತಾ ಇರ್ತಾರೆ. ಅದಕ್ಕೇ ಫೋಟೋ ನೋಡಿದ ಎರಡೇ ನಿಮಿಷಕ್ಕೆ "ಗ್ಯಾರಂಟಿ ಇದೇ" ಅನ್ನುವವರ ಮೇಲೆ ನನಗೊಂದು ತಕರಾರು ಇದೆ.

ನಂಜನಗೂಡಿನ ಕಡೆ ಮಳೆ ನಂಬಿ ಮುಸುಕಿನ ಜೋಳ ಹಾಕಿರುವ ನಮ್ಮ ಭಾವ ಒಂದು ಫೋಟೋ ಕಳಿಸಿದ್ದರು. ನಿಂತ ಜಾಗದಿಂದಲೇ ಮೊಬೈಲು ಚಾಚಿ ತೆಗೆದದ್ದು. ಹಸಿರು ಎಲೆ, ತೂತು, ಮಧ್ಯೆ ಕಂದು ಬಣ್ಣದ ಒಂದು ಗೀರು. "ಇದು ಆ ಹೊಸ ಸೈನಿಕ ಹುಳಾನೇ ತಾನೆ? ಔಷಧಿ ಹೊಡೀಲಾ?" ಅಂತ ಪ್ರಶ್ನೆ. ಅವರು ಆಗಲೇ ಇನ್ನಿಬ್ಬರಿಗೂ ಕಳಿಸಿದ್ದರು. ಅದರಲ್ಲಿ ಒಬ್ಬರು "ತಲೆ ಮೇಲೆ ವೈ ಗುರುತು ಕಾಣ್ತಿದೆ, ಅದೇ" ಅಂತ ತೀರ್ಪು ಕೊಟ್ಟಾಗಿತ್ತು.

ಹೊಸ ಹುಳ ಅಂದರೆ ಫಾಲ್ ಸೈನಿಕ ಹುಳು. ಮೂಲ ಅಮೆರಿಕ ಖಂಡಗಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು, 2018ರಲ್ಲಿ ನಮ್ಮ ಶಿವಮೊಗ್ಗದ ಜೋಳದಲ್ಲಿ. ಭಾರತಕ್ಕೆ ಬಂದದ್ದು ಮೊದಲು ಗೊತ್ತಾಗಿದ್ದೇ ಅಲ್ಲಿ. ಅದನ್ನು ಪತ್ತೆ ಮಾಡಿದ ಕೃಷಿ ವಿಜ್ಞಾನಿಗಳು ಹುಳದ ರೂಪ ನೋಡಿ ಅಷ್ಟಕ್ಕೇ ಬಿಡಲಿಲ್ಲ, ಡಿಎನ್‌ಎ ಪರೀಕ್ಷೆಯನ್ನೂ ಮಾಡಿಸಿದರು. ಇದರ ಬಗ್ಗೆ ಬಂದ ಕರಪತ್ರಗಳಲ್ಲೆಲ್ಲ ಎರಡು ಗುರುತು ಹೇಳಿರ್ತಾರೆ: ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ, ಮತ್ತು ಬಾಲದ ತುದಿಗೆ ಸಮೀಪ, ಹೊಟ್ಟೆಯ ಎಂಟನೇ ಖಂಡದ ಮೇಲೆ ಚೌಕಾಕಾರದಲ್ಲಿ ನಾಲ್ಕು ದಪ್ಪ ಕಪ್ಪು ಚುಕ್ಕೆ. ಜನ ನೆನಪಿಟ್ಟುಕೊಂಡಿದ್ದು ವೈ ಮಾತ್ರ.

ಈಗ ಭಾವನ ಫೋಟೋಗೆ ಒಂದು ಸಣ್ಣ ಲೆಕ್ಕ ಹಾಕೋಣ. ಸುಮಾರು 60 ಸೆಂಟಿಮೀಟರ್ ದೂರದಿಂದ ತೆಗೆದರೆ ಸಾಮಾನ್ಯ ಮೊಬೈಲಿನ ಚಿತ್ರದ ಉದ್ದದಲ್ಲಿ ಹೆಚ್ಚುಕಡಿಮೆ 80 ಸೆಂಟಿಮೀಟರ್ ಜಾಗ ಹಿಡಿಯುತ್ತೆ. ವಾಟ್ಸಾಪಿನಲ್ಲಿ ಕುಗ್ಗಿ ನನಗೆ ತಲುಪಿದ ಚಿತ್ರ 1600 ಪಿಕ್ಸೆಲ್ ಉದ್ದದ್ದು. ಅಂದರೆ ಒಂದು ಮಿಲಿಮೀಟರಿಗೆ ಎರಡು ಪಿಕ್ಸೆಲ್. ಪೂರ್ತಿ ಬೆಳೆದ ಹುಳದ ತಲೆ ಎರಡೂವರೆ ಮಿಲಿಮೀಟರ್ ಅಗಲ ಇರುತ್ತೆ, ಅದಕ್ಕೆ ಸಿಕ್ಕಿದ್ದು ಐದು ಪಿಕ್ಸೆಲ್. ಐದು ಪಿಕ್ಸೆಲ್‌ನಲ್ಲಿ ಕವಲೊಡೆದ ತೆಳು ಗೆರೆ ಮೂಡೋಕೆ ಜಾಗವೇ ಇಲ್ಲ ಸ್ವಾಮಿ! ಹುಳದ ತಲೆ ನುಣುಪು, ಬಿಸಿಲು ಬಿದ್ದರೆ ಮೇಲೊಂದು ಬಿಳಿ ಹೊಳಪು ಬರುತ್ತೆ. ಮೊಬೈಲು ಅಂಚುಗಳನ್ನು ತಾನೇ ತಿದ್ದಿ ಗಾಢ ಮಾಡುತ್ತೆ. ಆ ಹೊಳಪು ಮತ್ತು ಆ ಅಂಚು ಸೇರಿದರೆ, ವೈ ಹುಡುಕುವ ಕಣ್ಣಿಗೆ ವೈ ಸಿಗುತ್ತೆ.

ಇನ್ನೊಂದು ವಿಷಯ. ವೈ ನಿಜವಾಗಿ ಕಂಡರೂ ಸಾಲದು. ತಲೆಕೆಳಗಾದ ವೈ ತರದ ಗೆರೆ ಬೇರೆ ಎಷ್ಟೋ ಕಂಬಳಿಯಲ್ಲದ ಹುಳಗಳ ತಲೆಯ ಮೇಲೂ ಇರುತ್ತೆ, ಕೆಲವದರಲ್ಲಿ ತಿಳಿ ಬಣ್ಣದಲ್ಲೇ ಇರುತ್ತೆ. ಹೆಚ್ಚು ನಂಬಬಹುದಾದದ್ದು ಬಾಲದ ಕಡೆಯ ಆ ನಾಲ್ಕು ಚುಕ್ಕೆಯ ಚೌಕ. ಬಣ್ಣವನ್ನಂತೂ ನಂಬಲೇಬೇಡಿ, ಇದೇ ಹುಳ ಹಸಿರಾಗಿಯೂ ಇರುತ್ತೆ, ಕಂದಾಗಿಯೂ ಇರುತ್ತೆ, ಕಪ್ಪಗೂ ಇರುತ್ತೆ. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಮರಿಗಳಲ್ಲಿ ಈ ಗುರುತುಗಳು ಇನ್ನೂ ಸರಿಯಾಗಿ ಮೂಡಿರೋದಿಲ್ಲ. ಅವುಗಳ ಫೋಟೋ ಕನ್ನಡಿ ಹಾಗೆ ಸ್ಪಷ್ಟವಾಗಿದ್ದರೂ ಹೆಸರು ಹೇಳೋಕೆ ಬರೋದಿಲ್ಲ. ಮಸುಕೇ ಎಲ್ಲದಕ್ಕೂ ಕಾರಣ ಅಲ್ಲ ಅಂತ ಇದನ್ನು ಹೇಳಿದೆ.

ಹಾಗಂತ "ಏನೂ ಗೊತ್ತಾಗಲ್ಲ" ಅಂತ ಕೈ ತೊಳೆದುಕೊಳ್ಳೋದೂ ಪ್ರಾಮಾಣಿಕತೆ ಅಲ್ಲ. ಆ ಫೋಟೋದಲ್ಲಿ ಹುಳ ಕಾಣದಿದ್ದರೂ ಗಿಡ ಕಾಣ್ತಿತ್ತು. ಸುಳಿಯಿಂದ ಬಿಚ್ಚಿಕೊಂಡ ಎಲೆಗಳಲ್ಲಿ ಅಂಚು ಹರಿದ ದೊಡ್ಡ ತೂತುಗಳು, ಸುಳಿಯೊಳಗೆ ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ. ಕಾಂಡ ಕೊರೆಯುವ ಹುಳವೂ ಎಲೆಯಲ್ಲಿ ಸಾಲಾಗಿ ತೂತು ಮಾಡುತ್ತೆ, ಆದರೆ ಅವು ಸೂಜಿ ಚುಚ್ಚಿದಂತೆ ಸಣ್ಣವು, ಸುಳಿ ಒಣಗಿ ಎಳೆದರೆ ಕೈಗೆ ಬರುತ್ತೆ. ಹೀಗಾಗಿ ನಾನು ಬರೆದದ್ದು ಇಷ್ಟು: "ಭಾವ, ಹುಳ ನೋಡಿ ಹೇಳೋಕೆ ಆಗಲ್ಲ. ಬೆಳೆ ಮತ್ತು ಹಾನಿ ನೋಡಿದರೆ ಹತ್ತಕ್ಕೆ ಎಂಟು ಪಾಲು ಫಾಲ್ ಸೈನಿಕ ಹುಳು ಅನ್ನಿಸುತ್ತೆ. ಒಂದು ಹುಳ ಹಿಡಿದು ಬಿಳಿ ಹಾಳೆ ಮೇಲೆ ಬಿಟ್ಟು, ನೆರಳಲ್ಲಿ, ಒಂದು ಗೇಣು ದೂರದಿಂದ ಮೇಲಿನಿಂದ ತೆಗೀರಿ. ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ." ಎಂಟು ಅನ್ನೋದು ನನ್ನ ಅಂದಾಜು, ಅಳತೆ ಮಾಡಿದ್ದಲ್ಲ. ಆದರೆ ಅದು ಎಲ್ಲಿಂದ ಬಂತು ಅನ್ನೋದನ್ನು ಹೇಳಿದ್ದೀನಲ್ಲ, ನನಗೆ ಮುಖ್ಯ ಅದು. ಕೇಳುವವರು ಬೇಕಾದರೆ ಅದನ್ನು ಕಿತ್ತು ನೋಡಬಹುದು.

ಗೇಣು ಯಾಕೆ ಅಂದ್ರೆ, ಇನ್ನೂ ಹತ್ತಿರ ಹೋದರೆ ಎಷ್ಟೋ ಮೊಬೈಲುಗಳಿಗೆ ಫೋಕಸ್ ಸಿಗೋದಿಲ್ಲ. ಡಾಕ್ಯುಮೆಂಟ್ ಆಗಿ ಕಳಿಸಿದರೆ 4000 ಪಿಕ್ಸೆಲ್ ಹಾಗೇ ಉಳಿಯುತ್ತೆ, ಐದು ಪಿಕ್ಸೆಲ್ ಇದ್ದ ತಲೆಗೆ ಮೂವತ್ತೈದರ ಹತ್ತಿರ ಸಿಗುತ್ತೆ.

ಮಾರನೇ ದಿನ ಬಂದ ಫೋಟೋದಲ್ಲಿ ನಾಲ್ಕು ಚುಕ್ಕೆ ಚೌಕವಾಗಿ ಕೂತಿದ್ದವು. ಈಗ ಹೆಸರು ಹೇಳೋಕೆ ನನಗೆ ಹಿಂಜರಿಕೆ ಇರಲಿಲ್ಲ. ಆದರೂ ಔಷಧಿ ಪ್ರಶ್ನೆಗೆ ಹೆಸರೊಂದೇ ಉತ್ತರ ಅಲ್ಲ. ಹೊಲದ ಐದು ಕಡೆ ಇಪ್ಪತ್ತಿಪ್ಪತ್ತು ಗಿಡ ನೋಡಿ, ನೂರರಲ್ಲಿ ಎಷ್ಟರ ಸುಳಿಯಲ್ಲಿ ಹೊಸ ಹಿಕ್ಕೆ ಇದೆ ಅಂತ ಎಣಿಸಿ, ಆ ಸಂಖ್ಯೆ ಮತ್ತು ಒಂದು ಹುಳ ಎರಡನ್ನೂ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ತಗೊಂಡು ಹೋಗಿ ಅಂದೆ. ಭಾವನಿಗೆ ಇದು ಅಷ್ಟು ರುಚಿಸಲಿಲ್ಲ ಅನ್ನಿ, ಆದರೂ ಎಣಿಸಿದರು.

ಈ ಮಧ್ಯೆ ಅವರ ಮೊದಲ ಫೋಟೋ ಊರೂರು ಸುತ್ತಿ, ಟಿ. ನರಸೀಪುರದ ಕಡೆಯ ಸ್ನೇಹಿತರೊಬ್ಬರು "ನಮ್ಮಲ್ಲೂ ಬಂದಿದೆ" ಅಂತ ಅಂಥದೇ ಮಸುಕು ಫೋಟೋ ಕಳಿಸಿದರು. ಅದೇ ಕಂದು ಗೀರು. ಆದರೆ ಅವರದ್ದು ನಾಲೆ ನೀರಿನ ಭತ್ತದ ಗದ್ದೆ. ನನ್ನ ಎಂಟು ಇಲ್ಲಿ ನಿಲ್ಲೋದಿಲ್ಲ. ಭತ್ತದಲ್ಲಿ ಎಳೆ ಪೈರನ್ನು ಗುಂಪುಗುಂಪಾಗಿ ಮೇಯುವ ಹಿಂಡು ಹುಳ ಇದೆ. ತೆನೆ ಬಂದಾಗ ಮೇಲೆ ಹತ್ತಿ ತೆನೆ ಕತ್ತರಿಸುವ ನಮ್ಮ ಹಳೇ ಸೈನಿಕ ಹುಳ ಇದೆ, ಹೆಸರೂ ಅದೇ ಆಗಿರೋದ್ರಿಂದ ಗೊಂದಲ ಡಬಲ್. ಭತ್ತದಲ್ಲಿ ಮೊದಲು ಅನುಮಾನಿಸಬೇಕಾದ್ದು ಇವನ್ನೇ. ಪೈರಿಗೆ ಎಷ್ಟು ದಿನ ಆಯ್ತು, ತಿಂದಿರೋದು ಎಲೆಯಾ ತೆನೆಯಾ ಅಂತ ಕೇಳಿದೆ, ಒಂದು ಹುಳ ಬಾಟಲಿಗೆ ಹಾಕಿಡಿ ಅಂದೆ.

ಉತ್ತರ ಬರುವ ಹೊತ್ತಿಗೆ ಅವರು ಔಷಧಿ ಹೊಡೆದಾಗಿತ್ತು. ಬಾಟಲಿಗೆ ಹಾಕೋಕೆ ಹುಳ ಸಿಗಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಆ ಫೋಟೋದ ಫೋಲ್ಡರಿಗೆ "ಭತ್ತ, ಟಿ. ನರಸೀಪುರ, ಯಾವುದೋ ಪತಂಗದ ಮರಿಹುಳ" ಅಂತ ಹೆಸರಿಟ್ಟಿದ್ದೀನಿ. ಅದಕ್ಕಿಂತ ಹೆಚ್ಚು ಆ ಚಿತ್ರ ಹೇಳೋದಿಲ್ಲ.