ರಿಗ್ಗೈಯಿಂದ: ‘ರೀಫಂಡ್ ಆಗಿದೆ’ ಅಂದರೆ ಎಂತ?

ಕಳೆದ ಶುಕ್ರವಾರ ರಜೆಯಲ್ಲಿದ್ದಾಗ ಊರಿನಿಂದ ಒಬ್ಬ ಅಣ್ಣ ಫೋನ್ ಮಾಡಿದ್ದರು. ರೈಲು ಟಿಕೆಟಿನ ದುಡ್ಡಿನ ವಿಷಯ ಬಂದಾಗ, ‘ಒಂದೂವರೆ ಸಾವಿರಕ್ಕೆ ಎಷ್ಟು ಪತ್ರ ಬರೆಯುವುದು ಮಾರಾಯ್ತಿ, ನಿನಗೆ ಅದು ಐದೂವರೆ ದಿನಾರ್ ಅಷ್ಟೆ’ ಅಂದರು. ಲೆಕ್ಕ ಸರಿ. ಆದರೆ ನಾವೆಲ್ಲ ಹೀಗೆ ಅಂದುಕೊಂಡು ಬಿಡುತ್ತೇವೆ ಅಂತ ಗೊತ್ತಿರುವುದರಿಂದಲೇ ಆ ದುಡ್ಡು ಹಿಂದೆ ಬರುವುದಿಲ್ಲ. ಅದಕ್ಕೇ ಇವತ್ತು ಈ ಪೋಸ್ಟ್, ಸ್ವಲ್ಪ ಉದ್ದ ಉಂಟು.

2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಜರಿದು ರೈಲು ನಿಂತದ್ದು ನಿಮಗೆಲ್ಲ ನೆನಪಿರಬಹುದು. ಆ ವಾರ ಬೆಂಗಳೂರು–ಮಂಗಳೂರು ನಡುವಿನ ಹಲವು ರೈಲುಗಳು ರದ್ದು. ಅಪ್ಪ ಅಮ್ಮನಿಗೆ 31ಕ್ಕೆ ಪುತ್ತೂರಿನಿಂದ ಬೆಂಗಳೂರಿಗೆ ಥರ್ಡ್ ಎಸಿ ಬುಕ್ ಆಗಿತ್ತು, ಅಮ್ಮನಿಗೆ ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇತ್ತು. ಕುವೈತಿನಿಂದ ನಾನೇ ಒಂದು ಖಾಸಗಿ ಆ್ಯಪಿನಲ್ಲಿ, ನನ್ನ ಎನ್‌ಆರ್‌ಒ ಖಾತೆಯ ಡೆಬಿಟ್ ಕಾರ್ಡಿನಿಂದ ದುಡ್ಡು ಕಟ್ಟಿದ್ದೆ. ರೈಲು ರದ್ದಾಯಿತು, ಅವರು ಬಸ್ಸಿನಲ್ಲಿ ಹೋದರು. ಗುಡ್ಡ ಜರಿದದ್ದಕ್ಕೆ ನನ್ನ ದೂರಿಲ್ಲ. ಮಳೆಯಲ್ಲಿ ಹಳಿಯ ಮೇಲೆ ಹಗಲು ರಾತ್ರಿ ಕೆಲಸ ಮಾಡಿದವರಿಗೆ ಕೈಮುಗಿಯಬೇಕು.

ನನ್ನ ದೂರು ಆಮೇಲಿನದ್ದರ ಮೇಲೆ. ಆಗಸ್ಟ್ ಮೊದಲ ವಾರ ‘ನಿಮ್ಮ ರೀಫಂಡ್ ಯಶಸ್ವಿಯಾಗಿದೆ’ ಅಂತ ಮೆಸೇಜ್ ಬಂತು. ದುಡ್ಡು ಬರಲಿಲ್ಲ. ಅಪ್ಪ ಎರಡು ಸಲ ಪಾಸ್‌ಬುಕ್ ಎಂಟ್ರಿ ಮಾಡಿಸಿ ಬಂದರು. ಆಮೇಲೆ ಅವರ ಹಳೆ ಮೇಷ್ಟ್ರ ಶೈಲಿಯಲ್ಲಿ ಎರಡು ಪುಟದ ದೂರು ಬರೆದರು. ಅದರಲ್ಲಿ ಅಮ್ಮನ ಮಂಡಿನೋವು, ಬಸ್ಸಿನ ಕಷ್ಟ, ಹಿರಿಯ ನಾಗರಿಕರಿಗೆ ಸಲ್ಲಬೇಕಾದ ಗೌರವ ಎಲ್ಲ ಇತ್ತು. ಜೊತೆಗೆ ಅವರ ಪಾಸ್‌ಬುಕ್ಕಿನ ಜೆರಾಕ್ಸ್. ಒಂದು ಗಂಟೆಯೊಳಗೆ ಉತ್ತರ ಬಂತು: ನಮ್ಮ ಕಡೆಯಿಂದ ಆಗಿದೆ, 5ರಿಂದ 7 ಕೆಲಸದ ದಿನ ಕಾಯಿರಿ, ದುಡ್ಡು ಕಟ್ಟಿದ ಖಾತೆಗೇ ಹೋಗುತ್ತದೆ. ಫೋನಿನಲ್ಲಿ ಸಿಕ್ಕ ಹುಡುಗ, ‘ನೀವು ಟಿಡಿಆರ್ ಹಾಕಿಲ್ಲ ಸರ್’ ಅಂತ ಇನ್ನೊಂದು ಹೇಳಿದ.

ಟಿಡಿಆರ್ ಮಾತು ಶುದ್ಧ ನೆಪ. ರೈಲು ಪೂರ್ತಿ ರದ್ದಾದರೆ ಇ-ಟಿಕೆಟ್ಟಿಗೆ ಟಿಡಿಆರ್ ಬೇಡ, ರೀಫಂಡ್ ತಾನಾಗಿಯೇ ಆಗಬೇಕು. ರೈಲು ಬೇರೆ ದಾರಿಯಲ್ಲಿ ಹೋದರೆ, ಅಥವಾ ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದಿದ್ದರೆ, ಅಂಥ ಸಂದರ್ಭಕ್ಕೆ ಅದು ಬೇಕು. ಕೌಂಟರಿನಲ್ಲಿ ತೆಗೆದ ಟಿಕೆಟ್ಟಾದರೆ ಮೂರು ದಿನದೊಳಗೆ ಕೌಂಟರಿಗೇ ಹೋಗಬೇಕು. ರೈಲು ರದ್ದಾಗುತ್ತದೋ ಏನೋ ಅಂತ ಹೆದರಿ ಮೊದಲೇ ನೀವಾಗಿ ಕ್ಯಾನ್ಸಲ್ ಮಾಡಿದಿರೋ, ಥರ್ಡ್ ಎಸಿಯಲ್ಲಿ ಒಬ್ಬರಿಗೆ ಕಡಿಮೆ ಅಂದರೂ 180 ರೂಪಾಯಿ ಕಟ್. ನಮ್ಮ ಚಿಕ್ಕಮ್ಮನವರು ಅದೇ ವಾರ ಹಾಗೆ ಕಳೆದುಕೊಂಡರು.

‘ನಮ್ಮ ಕಡೆಯಿಂದ ಆಗಿದೆ’ ಅನ್ನುವ ಮಾತು ಇನ್ನೂ ಅಪಾಯದ್ದು, ಯಾಕೆಂದರೆ ಅದು ಪೂರ್ತಿ ಸುಳ್ಳಲ್ಲ. ಖಾಸಗಿ ಆ್ಯಪಿನಲ್ಲಿ ತೆಗೆದ ಟಿಕೆಟಿನ ದುಡ್ಡು ನೇರ ನಮಗೆ ಬರುವುದಿಲ್ಲ. ಐಆರ್‌ಸಿಟಿಸಿಯಿಂದ ಆ ಆ್ಯಪಿನ ಖಾತೆಗೆ, ಅಲ್ಲಿಂದ ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ನಮ್ಮ ಬ್ಯಾಂಕಿಗೆ. ಪ್ರತಿಯೊಬ್ಬರ ಸ್ಕ್ರೀನಿನಲ್ಲೂ ‘ಆಗಿದೆ’ ಅಂತ ಹಸಿರು ಗೆರೆ ಬರುತ್ತದೆ, ಅಂದರೆ ಅವರು ಮುಂದಿನವನಿಗೆ ದಾಟಿಸಿದ್ದಾರೆ ಅಂತ ಅರ್ಥ. ನಮ್ಮ ವಾರ್ಡಿನಲ್ಲಿ ಫಾರ್ಮಸಿಯವರು ಮಾತ್ರೆ ಕಳಿಸಿದ್ದನ್ನು ನೋಡಿ ನಾನು ‘ಕೊಡಲಾಗಿದೆ’ ಅಂತ ಸಹಿ ಹಾಕಿದರೆ ಮರುದಿನ ನನಗೆ ಕೆಲಸ ಇರುವುದಿಲ್ಲ. ರೋಗಿ ನುಂಗಿದ ಮೇಲೆಯೇ ಸಹಿ.

ಹಾಗಾಗಿ ಎರಡನೆಯ ಪತ್ರ ನಾನೇ ಬರೆದೆ. ಅಪ್ಪನಿಗೆ ಇದು ತುಂಬ ಒಣ ಅನ್ನಿಸಿತು. ಇಲ್ಲಿ ಹಾಕುತ್ತಿದ್ದೇನೆ, ಬೇಕಾದವರು ಹೆಸರು ಬದಲಿಸಿಕೊಂಡು ಬಳಸಿ:

‘ಪಿಎನ್‌ಆರ್ ಮತ್ತು ಬುಕಿಂಗ್ ಸಂಖ್ಯೆ ಮೇಲಿದೆ. 31-7-2024ರ ರೈಲು ರದ್ದಾಗಿದೆ. ಕೊನೆಯ ನಾಲ್ಕು ಅಂಕಿ ಇಂಥದ್ದಿರುವ ನನ್ನ ಡೆಬಿಟ್ ಕಾರ್ಡಿನಿಂದ ದುಡ್ಡು ಕಟ್ಟಿದ್ದೇನೆ. ಆ ದಿನದಿಂದ ಇವತ್ತಿನವರೆಗಿನ ಖಾತೆಯ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ, ಅದರಲ್ಲಿ ಈ ಜಮೆ ಇಲ್ಲ. ರೀಫಂಡ್ ಆಗಿದೆ ಎಂದಿದ್ದೀರಿ. ಯಾವ ತಾರೀಕಿಗೆ, ಎಷ್ಟು ರೂಪಾಯಿ, ಯಾವ ಖಾತೆಗೆ, ಯಾವ ಎಆರ್‌ಎನ್ ಸಂಖ್ಯೆಯಲ್ಲಿ ಕಳಿಸಿದಿರಿ ತಿಳಿಸಿ. ಆ ಸಂಖ್ಯೆ ನಿಮ್ಮಲ್ಲಿ ಇಲ್ಲದಿದ್ದರೆ ರೀಫಂಡ್ ಕಳಿಸಿಲ್ಲ ಎಂದು ಬರೆದು ಕೊಡಿ. 15 ದಿನ ಕಾಯುತ್ತೇನೆ.’

ಎಆರ್‌ಎನ್ ಅಂದರೆ ಕಾರ್ಡಿಗೆ ರೀಫಂಡ್ ಕಳಿಸುವಾಗ ಹುಟ್ಟುವ 23 ಅಂಕಿಯ ಸಂಖ್ಯೆ. ಯುಪಿಐ ಆದರೆ 12 ಅಂಕಿಯ ಆರ್‌ಆರ್‌ಎನ್. ಈ ಸಂಖ್ಯೆ ಕೊಟ್ಟರೆ ಬ್ಯಾಂಕಿನವರು ದುಡ್ಡು ಬಂದಿದೆಯೋ ಇಲ್ಲವೋ ಹುಡುಕಿ ಹೇಳಬಹುದು. ಕೊಡದೆ ‘ಬ್ಯಾಂಕಿಗೆ ಕೇಳಿ’ ಅಂದರೆ ವಿಳಾಸ ಇಲ್ಲದ ಕಾಗದ ಹುಡುಕಲು ಪೋಸ್ಟಾಫೀಸಿಗೆ ಕಳಿಸಿದ ಹಾಗೆ.

ಹನ್ನೊಂದನೇ ದಿನ ಉತ್ತರ ಬಂತು. ಎಆರ್‌ಎನ್ ಇಲ್ಲ! ದುಡ್ಡನ್ನು ಬ್ಯಾಂಕಿಗೆ ಕಳಿಸಿಯೇ ಇರಲಿಲ್ಲ, ಆ್ಯಪಿನೊಳಗಿನ ವಾಲೆಟ್ಟಿಗೆ ಹಾಕಿ ಕೂತಿದ್ದರು, ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳಿ ಅಂತ. ನಾನು ಕೇಳದ ವಾಲೆಟ್ಟು, ನಾನು ಒಪ್ಪದ ‘ಮುಂದಿನ ಪ್ರಯಾಣ’. ಅದನ್ನು ಅವರು ‘ಯಶಸ್ವಿ’ ಅಂದದ್ದು. ನಮ್ಮಂಥ ಎಷ್ಟು ಜನರ ದುಡ್ಡು ಹಾಗೆ ಅಲ್ಲಿ ಮಲಗಿರಬಹುದು, ನೀವೇ ಯೋಚಿಸಿ. ಇದಕ್ಕೆ ನಾನು ತಾಂತ್ರಿಕ ತೊಂದರೆ ಅನ್ನುವುದಿಲ್ಲ. ಅವರ ದುಡ್ಡು ನಮ್ಮ ಕೈಯಲ್ಲಿ ಎರಡು ತಿಂಗಳು ಇದ್ದಿದ್ದರೆ ಅವರು ಏನನ್ನುತ್ತಿದ್ದರು?

ಮಧ್ಯೆ ಮಾವ ಒಂದು ಫಾರ್ವರ್ಡ್ ಕಳಿಸಿದ್ದರು, ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ಆದೇಶ. 2019ರ ಆದೇಶ ಇರುವುದು ನಿಜ, ಆದರೆ ಅದು ದುಡ್ಡು ಕಟ್ಟಾಗಿ ವ್ಯವಹಾರವೇ ವಿಫಲವಾದಾಗಿನದ್ದು. ಟಿಕೆಟ್ ಆಗಿ ಆಮೇಲೆ ರೀಫಂಡ್ ಬಾರದ್ದಕ್ಕೆ ಅದನ್ನು ಹಿಡಿದು ಜಗಳಕ್ಕೆ ಹೋದರೆ ನಮ್ಮ ಪತ್ರವೇ ಹಗುರಾಗುತ್ತದೆ ಮಾವ, ಬೇಸರ ಮಾಡಬೇಡಿ.

ನಾನು ವಾಲೆಟ್ ಬೇಡ, ಕಾರ್ಡಿಗೇ ಕಳಿಸಿ ಅಂತ ಅದೇ ಮೇಲಿಗೆ ಉತ್ತರ ಬರೆದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇಲ್ಲಿಂದ ಕರೆ ಹೋಗುವುದಿಲ್ಲ, ಊರಿನಿಂದ ತಮ್ಮ ದೂರು ದಾಖಲಿಸಿದ. ನಾಲ್ಕು ದಿನದಲ್ಲಿ ಎಆರ್‌ಎನ್ ಬಂತು, ಆಮೇಲೆ ದುಡ್ಡೂ ಬಂತು. ಅದಕ್ಕೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಉಂಟು. ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕ ಇಲ್ಲ.

ಐದೂವರೆ ದಿನಾರ್ ಅಂದ ಅಣ್ಣನಿಗೆ ಒಂದು ವಿಷಯ. ರಾಜಸ್ಥಾನದ ಕೋಟಾದ ಒಬ್ಬ ಎಂಜಿನಿಯರ್ 2017ರಲ್ಲಿ ಟಿಕೆಟ್ ಕ್ಯಾನ್ಸಲ್ ಮಾಡಿದಾಗ ಸೇವಾ ತೆರಿಗೆಯ ಹೆಸರಲ್ಲಿ 35 ರೂಪಾಯಿ ಹೆಚ್ಚು ಹಿಡಿದಿದ್ದರು. ಅವರು ಐದು ವರ್ಷ ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. ಕೊನೆಗೆ ಅದೇ ರೀತಿ ಕಳೆದುಕೊಂಡ 2.98 ಲಕ್ಷ ಜನರಿಗೆ ಒಟ್ಟು 2.43 ಕೋಟಿ ಹಿಂದೆ ಕೊಡಲು ಒಪ್ಪಿದರು ಅಂತ 2022ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು.

ನನಗೆ ಬಂದದ್ದರಲ್ಲಿ ಬುಕಿಂಗ್ ಶುಲ್ಕ ಇರಲಿಲ್ಲ. ರೈಲು ರದ್ದಾದರೂ ಅದು ವಾಪಸ್ ಇಲ್ಲ ಅನ್ನುವುದು ನಿಯಮ. ಓಡದ ರೈಲಿನ ಟಿಕೆಟಿಗೆ ‘ಅನುಕೂಲ’ದ ಶುಲ್ಕ, ಯಾರಿಗೆ ಅನುಕೂಲ ಅಂತ ಗೊತ್ತಿಲ್ಲ. ಅದಕ್ಕೊಂದು ಪತ್ರ ಮೊನ್ನೆ ನೈಟ್ ಡ್ಯೂಟಿ ಮುಗಿಸಿ ಕಳಿಸಿದ್ದೇನೆ, ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ. ಆ ವಾರದ ರೈಲಿನ ದುಡ್ಡು ಬಾರದವರು ನಮ್ಮಲ್ಲಿ ಇನ್ನೂ ಯಾರಾದರೂ ಇದ್ದರೆ, ಮೊದಲು ಆ್ಯಪಿನ ವಾಲೆಟ್ ತೆರೆದು ನೋಡಿ.