ಪಗಾರ ಎಷ್ಟು ಅಂತ ಮೈಕಿನಲ್ಲೇ ಹೇಳಬೇಕೇ?

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮನೆಯ ಪಡಸಾಲೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವ ಹೆಣ್ಣುಮಗಳೊಬ್ಬರಿದ್ದಾರೆ. ಕಮಲಾಪುರ, ಹಂಪಿಯ ಖಾನಾವಳಿಗಳಿಂದ ಬರುವ ಬೇಡಿಕೆಗೆ ಒಂದು ಜೋಡಿ ಕೈ ಸಾಲದೆ, ಮೊದಲ ಸಲ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಹೊರಟರು. ಆಟೋಗೆ ಮೈಕು ಕಟ್ಟಿಸಿ ಹೀಗೆ ಸಾರಿಸಿದರು: “ರೊಟ್ಟಿ ಕೇಂದ್ರಕ್ಕೆ ಕೆಲಸದವರು ಬೇಕಾಗಿದ್ದಾರೆ. ಆಕರ್ಷಕ ಸಂಬಳ. ಅನುಭವ ಇದ್ದವರಿಗೆ ಆದ್ಯತೆ. ಹೊಸಪೇಟೆ, ಹಂಪಿ ಸುತ್ತಮುತ್ತಲಿನವರು ಕೂಡಲೇ ಸಂಪರ್ಕಿಸಿ.” ಫೋನುಗಳು ಬಂದವು, ಕೆಲಸದವರು ಬರಲಿಲ್ಲ. ಬೈಕ್ ಇದೆ, ರೊಟ್ಟಿ ಮುಟ್ಟಿಸುತ್ತೇನೆ ಅಂದ ಹುಡುಗರೇ ಹೆಚ್ಚು. ಕಂಪ್ಲಿಯಿಂದ ಒಬ್ಬಾಕೆ ಉಳಿಯಲು ಕೋಣೆ ಕೊಡುತ್ತೀರಾ ಅಂತ ಕೇಳಿದರು. ಎರಡನೆಯ ಸಲ ಮೈಕು ಕಟ್ಟಿಸುವ ಮುಂಚೆ ಅವರು ಇಬ್ಬರನ್ನು ಕೇಳಿದ ಪ್ರಶ್ನೆ ಇದು: ಕೆಲಸ, ಸ್ಥಳದ ಜೊತೆಗೆ ಪಗಾರದ ಅಂಕಿಯನ್ನೂ ಸಾರಬೇಕೇ? ಇಬ್ಬರ ಉತ್ತರವೂ ಇಲ್ಲಿದೆ.

ಪರ: ಹೊಸಪೇಟೆಯಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವವರು

ಮೊದಲು ಮೈಕಿನ ಲೆಕ್ಕ ನೋಡೋಣ. ಓಣಿಯಲ್ಲಿ ಆಟೋ ಗಂಟೆಗೆ ಹತ್ತು ಕಿಲೋಮೀಟರಿನಂತೆ ಹೋದರೆ ಸೆಕೆಂಡಿಗೆ ಸುಮಾರು ಮೂರು ಮೀಟರ್ ಸರಿಯುತ್ತದೆ. ಮಾತು ಸ್ಪಷ್ಟವಾಗಿ ಕೇಳುವುದು ಬಾಗಿಲಿನ ಆಚೆಗೆ ಮೂವತ್ತು, ಈಚೆಗೆ ಮೂವತ್ತು ಮೀಟರ್ ಅಂದುಕೊಂಡರೂ ಒಬ್ಬರ ಕಿವಿಗೆ ಸಿಗುವುದು ಇಪ್ಪತ್ತು ಸೆಕೆಂಡು. ಅಷ್ಟರಲ್ಲಿ ನಲವತ್ತು ಪದ ಹೇಳಿದರೆ ಹೆಚ್ಚು. ಅದರಲ್ಲಿ “ಆಕರ್ಷಕ ಸಂಬಳ”, “ಕೂಡಲೇ ಸಂಪರ್ಕಿಸಿ” ಎಂಬವು ಜಾಗ ತಿನ್ನುತ್ತವೆಯೇ ಹೊರತು ಏನನ್ನೂ ಹೇಳುವುದಿಲ್ಲ. ಪಾತ್ರೆ ತಿಕ್ಕುತ್ತಾ ಕೇಳಿಸಿಕೊಂಡ ಹೆಂಗಸು ತನಗೆ ಇದು ಆಗುತ್ತದೋ ಇಲ್ಲವೋ ಅಂತ ಅಲ್ಲೇ ತೀರ್ಮಾನಿಸಬೇಕು. ಅದಕ್ಕೆ ಆಕೆಗೆ ಬೇಕಾದದ್ದು ನಾಲ್ಕೇ: ಏನು ಕೆಲಸ, ಎಷ್ಟು ಹೊತ್ತು, ಎಲ್ಲಿ, ಎಷ್ಟು.

ಆ ಅಮ್ಮನ ಜೊತೆ ಕೂತು ನಾನು ಹಾಕಿದ ಲೆಕ್ಕ ಹೀಗಿದೆ. ಅವರಿಗೆ ಬೇಕಾಗಿರುವುದು ಬೆಳಿಗ್ಗೆ 6ರಿಂದ 11ರವರೆಗೆ, ಐದು ತಾಸಿನ ಕೈ. ಹಿಟ್ಟಿಗೆ ಎಸರು ಹಾಕಿ ನಾದುವುದು, ಒಲೆ ಕಾಯಿಸುವುದು, ಆರಿದ ಮೇಲೆ ಎಣಿಸಿ ಕಟ್ಟುವುದು ಎಲ್ಲ ಕಳೆದರೆ ಪಳಗಿದ ಕೈ ಒಂದು ಹಂಚಿನ ಮೇಲೆ 180 ರೊಟ್ಟಿ ಬೇಯಿಸುತ್ತದೆ. ಖಾನಾವಳಿಗೆ ರೊಟ್ಟಿ 9 ರೂಪಾಯಿಗೆ ಹೋಗುತ್ತದೆ. ಹಿಟ್ಟು, ಗ್ಯಾಸು ಸೇರಿ ಸುಮಾರು 4 ರೂಪಾಯಿ. ಉಳಿಯುವುದು 5. ತಿಂಗಳಿಗೆ 13,000 ಪಗಾರ, ವಾರಕ್ಕೊಂದು ದಿನ ಸಂಬಳ ಸಹಿತ ರಜೆ ಅಂದರೆ, 26 ಕೆಲಸದ ದಿನಗಳ ಲೆಕ್ಕದಲ್ಲಿ ದಿನಕ್ಕೆ 500 ಬೀಳುತ್ತದೆ. ನೂರು ರೊಟ್ಟಿ ಹೋದರೆ ಪಗಾರ ಹುಟ್ಟಿತು, ಮಿಕ್ಕ ಎಂಬತ್ತರ 400 ರೂಪಾಯಿ ಮನೆಗೆ. ಈ ನೂರರ ಗೆರೆ ಗೊತ್ತಿಲ್ಲದೆ ಯಾರನ್ನೂ ಕೆಲಸಕ್ಕೆ ಕರೆಯಬಾರದು. ಮೈಕಿನಲ್ಲಿ ಅಂಕಿ ಹೇಳಲೇಬೇಕು ಅಂತಾದಾಗ ಮಾಲೀಕರು ಈ ಲೆಕ್ಕಕ್ಕೆ ಕೂರುತ್ತಾರೆ; “ಮುಖಾಮುಖಿ ಮಾತಾಡೋಣ” ಅನ್ನುವವರಲ್ಲಿ ಬಹಳಷ್ಟು ಜನ ಕೂತಿರುವುದಿಲ್ಲ. ಇಷ್ಟು ವರ್ಷ ಲೆಕ್ಕ ಬರೆದು ನಾನು ಕಂಡದ್ದು ಇದನ್ನೇ.

ಇನ್ನೊಂದು ಕಾರಣ ಕಾನೂನಿನದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ಹುದ್ದೆ, ವೇತನ, ಷರತ್ತು ಬರೆದ ನೇಮಕಾತಿ ಪತ್ರ ಕೊಡಬೇಕು. ಹೇಗೂ ಕಾಗದದ ಮೇಲೆ ಬರೆಯಲೇಬೇಕಾದ ಅಂಕಿಯನ್ನು ಮೊದಲ ದಿನ ಬಚ್ಚಿಟ್ಟು ಗಳಿಸುವುದೇನು? ಆ ಅಂಕಿ ಸರ್ಕಾರ ಹೊರಡಿಸುವ ಕನಿಷ್ಠ ವೇತನಕ್ಕಿಂತ ಕಡಿಮೆ ಇರಬಾರದು. ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ದರವೂ ಊರಿನ ವಲಯ ನೋಡಿ ಬೇರೆ ಬೇರೆ. 2021ರಿಂದ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರ. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಾಗಾಗಿ ಕಂಪ್ಲಿಯ ಅಂಗಡಿಯವರು ಹೇಳಿದ ಅಂಕಿಯನ್ನು ನಂಬಿ ಹೊಸಪೇಟೆಯಲ್ಲಿ ಸಾರಬಾರದು. ಆ ವರ್ಷದ ಪಟ್ಟಿಯನ್ನು ಕಾರ್ಮಿಕ ಇಲಾಖೆಯಲ್ಲಿ ನೋಡಿ, ಐದು ತಾಸಿಗೆ ಎಷ್ಟು ಬೀಳುತ್ತದೆ ಅಂತ ಕೇಳಿಯೇ ಬರೆಯಬೇಕು.

ಸ್ಥಳದ ಮಾತು ಒಂದೇ. “ಹೊಸಪೇಟೆ, ಹಂಪಿ ಸುತ್ತಮುತ್ತ” ಅಂದರೆ ಕಮಲಾಪುರವೂ ಆಯಿತು, ಕಡ್ಡಿರಾಂಪುರವೂ ಆಯಿತು. ಬೆಳಿಗ್ಗೆ ಆರಕ್ಕೆ ಒಲೆಯ ಮುಂದೆ ಇರಬೇಕಾದವರು ಮೂವತ್ತು ಕಿಲೋಮೀಟರ್ ಆಚೆಯ ಕಂಪ್ಲಿಯಿಂದ ಬರಲಾರರು. ಓಣಿಯ ಹೆಸರು, ಗುರುತಿಗೆ ಒಂದು ಗುಡಿಯೋ ಶಾಲೆಯೋ ಹೇಳಿದರೆ ನಡೆದು ಬರುವವರೇ ಫೋನು ಮಾಡುತ್ತಾರೆ. ನಾನು ಬರೆದುಕೊಟ್ಟ ಮಾತು ಇದು, ಎರಡು ಸಲ ಓದಿಸಬೇಕು:

“ಜೋಳದ ರೊಟ್ಟಿ ಬಡಿಯಲು ಒಬ್ಬರು ಬೇಕು. ಬೆಳಿಗ್ಗೆ ಆರರಿಂದ ಹನ್ನೊಂದು. ತಿಂಗಳ ಪಗಾರ ಹದಿಮೂರು ಸಾವಿರ, ವಾರಕ್ಕೊಂದು ರಜೆ, ರಜೆಗೂ ಪಗಾರ. ಕೆಲಸ ಚಿತ್ತವಾಡ್ಗಿಯ ಮನೆಯಲ್ಲಿ. ರೊಟ್ಟಿ ಮುಟ್ಟಿಸುವ ಕೆಲಸ ಅಲ್ಲ, ಉಳಿಯಲು ಕೋಣೆ ಇಲ್ಲ. ಬಂದು ಹತ್ತು ರೊಟ್ಟಿ ಬಡಿದು ತೋರಿಸಿ.”

ಕೊನೆಗೆ ಫೋನ್ ನಂಬರು. ಮೈಕಿಗೆ ಪೊಲೀಸರ ಅನುಮತಿ ಮೊದಲೇ ಪಡೆದಿರಬೇಕು, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಚ್ಚುವಂತಿಲ್ಲ.

ವಿರೋಧ: ಕಮಲಾಪುರದಲ್ಲಿ ಖಾನಾವಳಿ ನಡೆಸುವವರು

ನಾನು ರೊಟ್ಟಿ ಕೊಳ್ಳುವವನು. ಆ ಅಮ್ಮ ನಂಬಿ ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಮೈಕಿನಲ್ಲಿ ಹದಿಮೂರು ಸಾವಿರ ಅಂತ ಕೇಳಿದ ದಿನವೇ ನಮ್ಮಂಥ ಖಾನಾವಳಿಯವರು ಭಾಗಾಕಾರ ಮಾಡುತ್ತೇವೆ. ಒಂದು ರೊಟ್ಟಿಗೆ ಕೂಲಿ ಮೂರು ರೂಪಾಯಿಯೊಳಗೆ, ಹಿಟ್ಟು ಗ್ಯಾಸು ನಾಲ್ಕು, ಒಟ್ಟು ಏಳು. “ಒಂಬತ್ತು ಯಾಕಮ್ಮ, ಎಂಟಕ್ಕೆ ಕೊಡ್ರಿ” ಅನ್ನುತ್ತೇವೆ. ಆ ಒಂದು ರೂಪಾಯಿ ಇಳಿದರೆ ಅವರ ದಿನದ 400 ಹೋಗಿ 220 ಆಗುತ್ತದೆ. ದೊಡ್ಡ ಹೋಟೆಲಿನವರು ಅಡುಗೆಯವರ ಪಗಾರ ಸಾರಿದರೆ ಯಾರೂ ಇಡ್ಲಿಯ ಬೆಲೆ ಇಳಿಸಿ ಅನ್ನುವುದಿಲ್ಲ. ಒಂದೇ ಪದಾರ್ಥ, ಒಂದೇ ಕೈ ಇರುವ ಕಡೆ ಅಂಕಿ ಹೊರಬಿದ್ದರೆ ಲಾಭವೂ ಬೀದಿಗೆ ಬಿತ್ತು.

ಇನ್ನೊಂದು ಸಂಗತಿ ಲೆಕ್ಕ ಬರೆಯುವವರಿಗೆ ಕಾಣದಿರಬಹುದು. ರೊಟ್ಟಿ ಬಡಿಯಲು ಬರುವವಳು ಅದೇ ಓಣಿಯ ಹೆಂಗಸು. ಮೈಕು ಸಾರಿದ ಮರುದಿನ ಆಕೆ ಕೆಲಸಕ್ಕೆ ಹೋದರೆ ಅವಳ ಕೈಗೆ ಬರುವ ರೊಕ್ಕ ಇಡೀ ಓಣಿಗೆ ಗೊತ್ತು. ಕುಡಿಯುವ ಗಂಡನಿಗೆ ಗೊತ್ತು, ಸಂಘದ ಕಂತು ಕೇಳಲು ಬರುವವರಿಗೆ ಗೊತ್ತು, ಕೈಗಡ ಕೇಳುವ ನಾದಿನಿಗೆ ಗೊತ್ತು. ನಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುವ ಅಕ್ಕನೊಬ್ಬರು ತಮ್ಮ ಪಗಾರದಲ್ಲಿ ಸ್ವಲ್ಪವನ್ನು ಮಗಳ ಕಾಲೇಜಿಗೆ ಅಂತ ನನ್ನ ಹತ್ತಿರವೇ ಇಟ್ಟು ಹೋಗುತ್ತಾರೆ. ಅಂಕಿ ಊರಿಗೆ ತಿಳಿದಿದ್ದರೆ ಅದು ಆಗುತ್ತಿರಲಿಲ್ಲ. ಪಗಾರ ಅಂದರೆ ಕೊಡುವವರ ಗುಟ್ಟು ಅಂತ ಎಲ್ಲರೂ ಮಾತಾಡುತ್ತಾರೆ. ಪಡೆಯುವವರಿಗೂ ಅದು ಗುಟ್ಟಾಗಿರಬೇಕಾದ ಸಂದರ್ಭ ಇದೆ.

ಮತ್ತೆ ಹಂಪಿಯ ಕಾಲ. ನಮ್ಮ ಗಿರಾಕಿ ಅಕ್ಟೋಬರಿನಿಂದ ಫೆಬ್ರುವರಿ, ಹೆಚ್ಚೆಂದರೆ ಮಾರ್ಚಿನ ತನಕ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ನಿಂತಿರುವಾಗ ಮಧ್ಯಾಹ್ನ ಊಟಕ್ಕೆ ಬರುವವರೇ ಇರುವುದಿಲ್ಲ. ಆಗ ನಾನು ಐವತ್ತು ರೊಟ್ಟಿ ತರಿಸಿದರೆ ಹೆಚ್ಚು. ಎಲ್ಲ ಖಾನಾವಳಿ ಸೇರಿ ಆ ನೂರರ ಗೆರೆ ಮುಟ್ಟುತ್ತದೋ ಇಲ್ಲವೋ ಹೇಳಲಾರೆ. ಹನ್ನೆರಡು ತಿಂಗಳೂ ಹದಿಮೂರು ಸಾವಿರ ಅಂತ ಊರ ಮುಂದೆ ಒಪ್ಪಿಕೊಂಡ ಮೇಲೆ ಬೇಸಿಗೆಯಲ್ಲಿ ಏನು ಮಾಡುವುದು?

ಕಾನೂನಿನ ಹೆದರಿಕೆ ಅಷ್ಟು ಬೇಡ ಅಂತ ನನ್ನ ಅನಿಸಿಕೆ. ಭವಿಷ್ಯನಿಧಿ ಇಪ್ಪತ್ತು ಜನರಿದ್ದರೆ, ಇಎಸ್‌ಐ ಹತ್ತು ಜನರಿದ್ದರೆ. ಒಬ್ಬರೇ ಇರುವ ಕಡೆ ಇಲಾಖೆಯವರು ಕೇಳುವುದಿಲ್ಲ. ಮೈಕಿನಲ್ಲಿ ಕೆಲಸ, ಹೊತ್ತು, ಓಣಿ ಹೇಳಲಿ. ಪಗಾರಕ್ಕೆ “ಕೈ ನೋಡಿ, ಅಂದೇ ಚೀಟಿ ಬರೆದು ಕೊಡುತ್ತೇವೆ” ಅನ್ನಲಿ. ಪಳಗಿದ ಕೈ ಬಂದರೆ ಐನೂರು ಹೆಚ್ಚು ಕೊಡುವ ಸ್ವಾತಂತ್ರ್ಯವಾದರೂ ಉಳಿಯುತ್ತದೆ.

ಸಂಡೂರಿನಿಂದ ಬಂದ ಒಂದು ಮಾತು

ಈ ಎರಡನ್ನೂ ಓದಿದ ಸಂಡೂರಿನ ಕಸೂತಿ ಕೆಲಸದ ಹೆಂಗಸೊಬ್ಬರು ಪ್ರಶ್ನೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. “ತಿಂಗಳ ಪಗಾರ ಯಾರು ಕೇಳಿದ್ರು? ನಮಗೆ ಚೀಲಕ್ಕೆ ಇಷ್ಟು ಅಂತ ಕೊಡ್ತಾರ. ಮನ್ಯಾಗ ಕುಂತು, ಮಕ್ಕಳನ್ನ ನೋಡಿಕೊಂಡು ಹಾಕ್ತೀವಿ. ರೊಟ್ಟಿಗೂ ಹಂಗ ಮಾಡ್ರಿ, ಒಂದಕ್ಕ ಎರಡೂವರಿ ರೂಪಾಯಿ. ಬೇಸಿಗ್ಯಾಗ ಕಡಿಮಿ ಬಡದ್ರ ಕಡಿಮಿ ರೊಕ್ಕ.” ಸಾರಬೇಕೋ ಬೇಡವೋ ಎಂಬುದಕ್ಕೆ ಅವರ ಉತ್ತರ ಇಲ್ಲ. ಆದರೆ ಖಾನಾವಳಿಯವರ ಬೇಸಿಗೆಗೆ ಅದು ಒಂದು ಉತ್ತರದಂತೆ ಕಾಣುತ್ತದೆ. 180 ರೊಟ್ಟಿಗೆ 450 ರೂಪಾಯಿ, ಅಂದರೆ ದಿನಕ್ಕೆ 50 ಕಡಿಮೆ, ರಜೆಯ ದಿನ ಏನೂ ಇಲ್ಲ.

ಲೆಕ್ಕದವರ ಮರುಮಾತು

ಭವಿಷ್ಯನಿಧಿ, ಇಎಸ್‌ಐ ವಿಷಯದಲ್ಲಿ ಖಾನಾವಳಿಯ ಯಜಮಾನರು ಹೇಳಿದ್ದು ಸರಿ. ಹಾಗಾಗಿಯೇ ಪ್ರಕಟಣೆಯಲ್ಲಿ ಅವೆರಡರ ಹೆಸರು ಎತ್ತಬೇಡಿ ಅಂತ ಆ ಅಮ್ಮನಿಗೆ ಹೇಳಿದ್ದೇನೆ. ಆದರೆ ಕನಿಷ್ಠ ವೇತನ, ವಾರದ ರಜೆ, ನೇಮಕಾತಿ ಪತ್ರ ಒಬ್ಬರೇ ಇದ್ದರೂ ಬಿಡುವುದಿಲ್ಲ. ಕೇಳುವವರು ಬರುವುದಿಲ್ಲ ಅನ್ನುವುದು ಬೇರೆ ಮಾತು. ರೊಟ್ಟಿಗಿಷ್ಟು ಅಂತ ಕೊಟ್ಟರೂ ಕನಿಷ್ಠ ವೇತನದ ಮಾತು ತಪ್ಪುವುದಿಲ್ಲ. ಮಾಲೀಕರ ಹಂಚಿನ ಮುಂದೆ, ಅವರು ಹೇಳಿದ ಹೊತ್ತಿಗೆ ಬಂದು ಕೂರುವವರಿಗೆ ಬೇಡಿಕೆ ಕಡಿಮೆಯಾದ ನಷ್ಟವನ್ನು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಕೂತು ತನ್ನ ಹೊತ್ತಿಗೆ ಕಸೂತಿ ಹಾಕುವವರ ಮಾತು ಬೇರೆ.

ಬೆಲೆ ಇಳಿಸಿ ಅನ್ನುವುದಕ್ಕೆ ಉತ್ತರ ಇದೆ. ಏಳು ರೂಪಾಯಿಯ ಅವರ ಲೆಕ್ಕದಲ್ಲಿ ಸಾಗಣೆ ಇಲ್ಲ, ಮುರಿದ ರೊಟ್ಟಿ ಇಲ್ಲ, ಆ ಅಮ್ಮನ ಸ್ವಂತ ದುಡಿಮೆ ಇಲ್ಲ. ಅದನ್ನು ಬರೆದುಕೊಂಡು ಮಾತಿಗೆ ಕೂತರೆ ಒಂಬತ್ತು ನಿಲ್ಲುತ್ತದೆ.

ಓಣಿಗೆ ತಿಳಿಯುವ ಮಾತಿಗೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಮೈಕಿನಲ್ಲಿ “ಹನ್ನೆರಡು ಸಾವಿರದಿಂದ ಹದಿನಾಲ್ಕರ ತನಕ” ಅಂದರೆ ಹೆಣ್ಣುಮಗಳಿಗೆ ಒಂದಿಷ್ಟು ಮರೆ ಸಿಗಬಹುದು. ಕೆಳಗಿನ ಅಂಕಿಯೂ ಕನಿಷ್ಠ ವೇತನದ ಮೇಲಿರಬೇಕು, ಮೇಲಿನ ಅಂಕಿಯನ್ನು ನಿಜವಾಗಿ ಕೊಡುವ ಮನಸ್ಸಿರಬೇಕು. ಬೇಸಿಗೆಗೆ ನಾನು ಹೇಳಿದ್ದು ಇಷ್ಟು: ಏಪ್ರಿಲ್, ಮೇ ತಿಂಗಳಲ್ಲಿ ಒಲೆ ಮೂರೇ ತಾಸು, ಪಗಾರ ಅದಕ್ಕೆ ತಕ್ಕಂತೆ ಅಂತ ಪತ್ರದಲ್ಲಿ ಮೊದಲೇ ಬರೆಯಬಹುದು, ಆದರೆ ಹಾಗೆ ಬರೆಯುವುದಾದರೆ ಅದೂ ಮೈಕಿನಲ್ಲಿ ಬರಲೇಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಅದಕ್ಕೆ ಜಾಗ ಮಾಡಲು ಕೋಣೆಯ ಮಾತನ್ನು ತೆಗೆಯಬೇಕೋ, ರೊಟ್ಟಿ ಮುಟ್ಟಿಸುವ ಮಾತನ್ನೋ ಅಂತ ಆ ಅಮ್ಮ ಇನ್ನೂ ಯೋಚಿಸುತ್ತಿದ್ದಾರೆ.